ಒಂದೇ ಪ್ರಶ್ನೆ, ಎರಡು ಮಾತು: ಸಮೀಕ್ಷೆಯ ಬಳಿಕ ಉತ್ತರದಾರರಿಗೆ ನೀಡಬೇಕಾದ ತಿಳಿವಳಿಕೆ ಪತ್ರ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಮನೆಮನೆಗೆ ತೆರಳಿ ಅಭಿಪ್ರಾಯ ಕೇಳುವ ಸಮೀಕ್ಷೆಗಳು ಗ್ರಾಮ ಪಂಚಾಯತಿ ಸದಸ್ಯರಿಗೆ ಹೊಸವಲ್ಲ. ಆದರೆ ಕೆಲವು ಸಮೀಕ್ಷೆಗಳಲ್ಲಿ ಎಲ್ಲ ಮನೆಗಳಿಗೂ ಒಂದೇ ಮಾತಿನಲ್ಲಿ ಪ್ರಶ್ನೆ ಕೇಳುವುದಿಲ್ಲ. ಅರ್ಧ ಮನೆಗಳಿಗೆ ಒಂದು ಮಾತು, ಉಳಿದ ಅರ್ಧಕ್ಕೆ ಅದೇ ವಿಷಯವನ್ನು ತಿಳಿಸುವ ಇನ್ನೊಂದು ಮಾತು. ಹೀಗೆ ಭೇದ ಮಾಡಲಾಗಿದೆ ಎಂಬುದನ್ನು ಉತ್ತರಿಸುವವರಿಗೆ ಮೊದಲೇ ತಿಳಿಸುವುದಿಲ್ಲ; ತಿಳಿಸಿದರೆ ಅವರು ಪ್ರಶ್ನೆಯ ವಿಷಯವನ್ನು ಬಿಟ್ಟು ಅದರ ಪದಗಳನ್ನೇ ತೂಗಲು ತೊಡಗುತ್ತಾರೆ. ಮೊದಲು ತಿಳಿಸದೆ ಉಳಿಸಿಕೊಂಡದ್ದನ್ನು ಕೊನೆಯಲ್ಲಿ ತಿಳಿಸಲೇಬೇಕೆಂಬುದು ಇಂತಹ ಅಧ್ಯಯನಗಳ ನಿಯಮ. ಹಾಗೆ ತಿಳಿಸುವ ಬರಹವನ್ನೇ ಇಲ್ಲಿ ತಿಳಿವಳಿಕೆ ಪತ್ರ ಎಂದು ಕರೆಯಲಾಗಿದೆ. ಅದರಲ್ಲಿ ಏನಿರಬೇಕು, ಯಾವಾಗ ಮತ್ತು ಯಾರ ಕೈಯಿಂದ ತಲುಪಬೇಕು, ಅದರಿಂದ ಸರಿಪಡಿಸಲಾಗದ್ದು ಯಾವುದು ಎಂಬುದು ಈ ಪಾಠದ ವಿಷಯ.

ಮಾತು ಬದಲಾದರೆ ಉತ್ತರ ಬದಲಾಗುತ್ತದೆ ಎಂಬುದಕ್ಕೆ ಬಹಳ ಹಳೆಯ ಸಾಕ್ಷ್ಯವಿದೆ. 1941ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಡೊನಾಲ್ಡ್ ರಗ್ ಎಂಬ ಸಂಶೋಧಕರು ಒಂದು ಗುಂಪಿಗೆ, ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣ ಮಾಡುವುದಕ್ಕೆ ದೇಶವು ಅವಕಾಶ ನೀಡಬೇಕೆ ಎಂಬ ಪ್ರಶ್ನೆಯನ್ನೂ, ಇನ್ನೊಂದು ಗುಂಪಿಗೆ ಅಂತಹ ಭಾಷಣವನ್ನು ದೇಶವು ನಿಷೇಧಿಸಬೇಕೆ ಎಂಬ ಪ್ರಶ್ನೆಯನ್ನೂ ಒಡ್ಡಿದ್ದರು. ಅವಕಾಶ ನೀಡಬಾರದು ಎಂದವರು ಮೊದಲ ಗುಂಪಿನಲ್ಲಿ ಶೇ. 62. ನಿಷೇಧಿಸಬೇಕು ಎಂದವರು ಎರಡನೆಯ ಗುಂಪಿನಲ್ಲಿ ಶೇ. 46 ಮಾತ್ರ. ಅವಕಾಶ ನೀಡದಿರುವುದೂ ನಿಷೇಧಿಸುವುದೂ ಫಲದಲ್ಲಿ ಒಂದೇ. ಆದರೂ 'ನಿಷೇಧ' ಎಂಬ ಪದ ಕಿವಿಗೆ ಬಿದ್ದೊಡನೆ ಅನೇಕರು ಹಿಂದೆ ಸರಿದರು. ಅಭಿಪ್ರಾಯವೇ ಇಲ್ಲದವರು ಹೀಗೆ ವಾಲಿದರು ಎಂದು ಹೇಳಿ ಇದನ್ನು ತಳ್ಳಿಹಾಕುವಂತಿಲ್ಲ. ಅಭಿಪ್ರಾಯವಿಲ್ಲ ಎಂದವರನ್ನು ಎರಡೂ ಗುಂಪುಗಳಲ್ಲಿ ಬೇರೆಯಾಗಿಯೇ ಎಣಿಸಲಾಗಿತ್ತು.

ಗ್ರಾಮ ಪಂಚಾಯತಿಗೆ ಹತ್ತಿರವಾದ ಒಂದು ಪ್ರಸಂಗವನ್ನು ಈಗ ಕಲ್ಪಿಸಿಕೊಳ್ಳಬಹುದು. ಇದು ಪಾಠಕ್ಕಾಗಿ ರಚಿಸಿದ ಉದಾಹರಣೆಯೇ ಹೊರತು ಯಾವುದೇ ಪಂಚಾಯತಿಯಲ್ಲಿ ನಡೆದ ಸಮೀಕ್ಷೆಯ ವರದಿಯಲ್ಲ. ಮನೆಮನೆಯಿಂದ ಕಸ ಸಂಗ್ರಹಿಸುವ ವಾಹನದ ಖರ್ಚಿಗೆ ಪ್ರತಿ ಮನೆಯಿಂದ ಶುಲ್ಕ ಪಡೆಯುವ ವಿಚಾರ ಪಂಚಾಯತಿಯ ಮುಂದಿದೆ. ಸಂಶೋಧನಾ ಸಂಸ್ಥೆಯೊಂದು ಪಂಚಾಯತಿಯ ಸಹಕಾರದೊಂದಿಗೆ 400 ಮನೆಗಳ ಅಭಿಪ್ರಾಯ ಕೇಳುತ್ತದೆ. 200 ಮನೆಗಳಿಗೆ ದೊರೆತ ನಮೂನೆಯಲ್ಲಿ "ಕಸ ಸಂಗ್ರಹಕ್ಕಾಗಿ ತಮ್ಮ ಮನೆಯಿಂದ ತಿಂಗಳಿಗೆ 30 ರೂಪಾಯಿ ನೀಡಲು ಒಪ್ಪುವಿರಾ?" ಎಂಬ ಪ್ರಶ್ನೆಯಿದೆ. ಉಳಿದ 200 ಮನೆಗಳ ನಮೂನೆಯಲ್ಲಿ "ಕಸ ಸಂಗ್ರಹಕ್ಕಾಗಿ ತಮ್ಮ ಮನೆಯಿಂದ ದಿನಕ್ಕೆ 1 ರೂಪಾಯಿ ನೀಡಲು ಒಪ್ಪುವಿರಾ?" ಎಂದಿದೆ. ಮೊತ್ತ ಒಂದೇ. (31 ದಿನಗಳ ತಿಂಗಳಿನಲ್ಲಿ ಒಂದು ರೂಪಾಯಿ ಹೆಚ್ಚಾಗುವುದಲ್ಲ ಎಂದು ಕೇಳುವವರು ಪ್ರತಿ ಊರಿನಲ್ಲಿಯೂ ಇರುತ್ತಾರೆ, ಮತ್ತು ಅವರು ಕೇಳುವುದು ಸರಿ. ಆದ್ದರಿಂದ 30 ದಿನಗಳ ಲೆಕ್ಕ ಎಂಬುದನ್ನು ಬಳಿಕ ಪತ್ರದಲ್ಲಿ ತಿಳಿಸಬೇಕಾಗುತ್ತದೆ.) ಬದಲಾದದ್ದು ತಿಂಗಳು ಮತ್ತು ದಿನ ಎಂಬ ಅಳತೆ ಮಾತ್ರ. ಒಂದು ನಮೂನೆಯಲ್ಲಿ 'ಶುಲ್ಕ' ಎಂದೂ ಇನ್ನೊಂದರಲ್ಲಿ 'ವಂತಿಗೆ' ಎಂದೂ ಬರೆದು, ಜೊತೆಗೆ ತಿಂಗಳನ್ನು ದಿನವಾಗಿಯೂ ಬದಲಿಸಿದ್ದರೆ, ಉತ್ತರ ಬದಲಾದದ್ದು ಯಾವ ಪದದಿಂದ ಎಂಬುದನ್ನು ಯಾರೂ ಹೇಳಲಾಗುತ್ತಿರಲಿಲ್ಲ.

ಯಾವ ಮನೆಗೆ ಯಾವ ನಮೂನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ಮೇಲಿನ ಕೇರಿಗೆ ಒಂದು, ಕೆಳಗಿನ ಕೇರಿಗೆ ಇನ್ನೊಂದು ಎಂದು ಹಂಚುವುದು ಸುಲಭ. ಆದರೆ ಹಾಗೆ ಹಂಚಿದರೆ ಉತ್ತರಗಳ ಅಂತರವು ಮಾತಿನಿಂದ ಬಂದದ್ದೋ, ಒಂದು ಕೇರಿಗೆ ಕಸದ ವಾಹನ ಸರಿಯಾಗಿ ಬಾರದಿರುವುದರಿಂದ ಬಂದದ್ದೋ ತಿಳಿಯುವುದಿಲ್ಲ. ಚೀಟಿ ಎತ್ತಿದಾಗ ಉಳ್ಳವರೂ ಇಲ್ಲದವರೂ, ವಾಹನ ಬರುವ ಬೀದಿಯವರೂ ಬಾರದ ಬೀದಿಯವರೂ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮವಾಗಿ ಬೆರೆಯುತ್ತಾರೆ. ಚೀಟಿಯ ಗುಣವಿರುವುದು ಇಲ್ಲಿಯೇ. ತೊಡಕು ಹುಟ್ಟುವುದೂ ಇಲ್ಲಿಂದಲೇ. ಚೀಟಿಯ ಕಾರಣದಿಂದ ಒಂದೇ ಗೋಡೆಯ ಆಚೀಚೆಯ ಎರಡು ಮನೆಗಳಿಗೆ ಬೇರೆ ಬೇರೆ ನಮೂನೆ ತಲುಪುತ್ತದೆ, ಮತ್ತು ಸಂಜೆ ಜಗಲಿಯ ಮೇಲೆ ಕುಳಿತಾಗ ಆ ಎರಡು ಮನೆಯವರೇ ಮಾತನಾಡಿಕೊಳ್ಳುತ್ತಾರೆ.

ಮರುದಿನ ವಾರ್ಡಿನ ಸದಸ್ಯರ ಮನೆಯ ಬಾಗಿಲಿಗೆ ಬರುವ ಮಾತು ಹೀಗಿರುತ್ತದೆ: "ನಮ್ಮನೇಲಿ ತಿಂಗಳಿಗೆ ಮೂವತ್ತು ಅಂತ ಕೇಳಿದ್ರು. ಪಕ್ಕದ ಮನೇಲಿ ದಿನಕ್ಕೆ ಒಂದೇ ರೂಪಾಯಿ ಅಂದ್ರಂತೆ. ಅವರದು ಬೇರೆ ಪಟ್ಟಿನಾ ಅಣ್ಣಾ? ನಮ್ಮ ಹೆಸರು ಎಲ್ಲಿಗೆ ಹೋಯ್ತು?" ಈ ಪ್ರಶ್ನೆಯನ್ನು ಅಜ್ಞಾನವೆಂದು ಬಗೆಯುವಂತಿಲ್ಲ. ಊರಿನ ಜನರ ಅನುಭವದಲ್ಲಿ ಮನೆಗೆ ಬಂದು ಬರೆದುಕೊಂಡು ಹೋದದ್ದು ಮುಂದೆ ಪಟ್ಟಿಯಾಗುತ್ತದೆ. ಪಟ್ಟಿಯಿಂದ ಮನೆ, ಪಡಿತರ ಚೀಟಿ, ಪಿಂಚಣಿ ಬರುತ್ತದೆ ಅಥವಾ ತಪ್ಪುತ್ತದೆ. ಎರಡು ಬಗೆಯ ನಮೂನೆ ಎಂದರೆ ಎರಡು ಬಗೆಯ ಪಟ್ಟಿ ಎಂದು ಊಹಿಸುವುದು ಅವರ ಅನುಭವಕ್ಕೆ ಸರಿಯಾಗಿಯೇ ಇದೆ. ತಿಳಿವಳಿಕೆ ಪತ್ರವು ಮೊದಲು ಉತ್ತರಿಸಬೇಕಾದದ್ದು ಈ ಅಂಜಿಕೆಗೆ. ಸಂಶೋಧಕರು ಬರೆಯುವ ಪತ್ರಗಳಲ್ಲಿ ಅಧ್ಯಯನದ ಉದ್ದೇಶವೇ ಮೊದಲ ಎರಡು ಪುಟ ತುಂಬಿ, ಈ ಒಂದು ಮಾತು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಉಳಿದರೆ ಅದು ಓದುವವರ ಪತ್ರವಾಗದೆ ಬರೆದವರ ಪತ್ರವಾಗುತ್ತದೆ.

ಮೇಲಿನ ಉದಾಹರಣೆಗೆ ಹೊಂದುವ ಪತ್ರದ ಒಂದು ಮಾದರಿ ಈ ಕೆಳಗಿನಂತಿದೆ.

"ಮಾನ್ಯರೇ, ಕಳೆದ ವಾರ ಕಸ ಸಂಗ್ರಹದ ಶುಲ್ಕದ ಬಗ್ಗೆ ತಮ್ಮ ಅಭಿಪ್ರಾಯ ಕೇಳಲಾಗಿತ್ತು. ತಾವು ನೀಡಿದ ಉತ್ತರದಿಂದ ತಮ್ಮ ಮನೆಗೆ ದೊರೆಯುವ ಯಾವ ಸೌಲಭ್ಯವೂ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ಇದರಿಂದ ಯಾವ ಫಲಾನುಭವಿ ಪಟ್ಟಿಯನ್ನೂ ತಯಾರಿಸುವುದಿಲ್ಲ.

ಆ ದಿನ ತಮಗೆ ತಿಳಿಸದೆ ಇದ್ದ ಒಂದು ಸಂಗತಿಯನ್ನು ಈಗ ತಿಳಿಸಲಾಗುತ್ತಿದೆ. ಎಲ್ಲ ಮನೆಗಳಿಗೂ ಒಂದೇ ರೀತಿಯ ಪ್ರಶ್ನೆ ಕೇಳಿರಲಿಲ್ಲ. ಅರ್ಧ ಮನೆಗಳಲ್ಲಿ 'ತಿಂಗಳಿಗೆ 30 ರೂಪಾಯಿ' ಎಂದೂ, ಉಳಿದ ಅರ್ಧ ಮನೆಗಳಲ್ಲಿ 'ದಿನಕ್ಕೆ 1 ರೂಪಾಯಿ' ಎಂದೂ ಕೇಳಲಾಗಿತ್ತು. ತಿಂಗಳಿಗೆ 30 ದಿನಗಳ ಲೆಕ್ಕದಲ್ಲಿ ಎರಡೂ ಒಂದೇ ಮೊತ್ತ. ಯಾವ ಮನೆಗೆ ಯಾವ ಪ್ರಶ್ನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಯಿತು. ಜಾತಿ, ಬೀದಿ, ಪಕ್ಷ, ತೆರಿಗೆ ಬಾಕಿ ಯಾವುದನ್ನೂ ನೋಡಿಲ್ಲ. ಮಾತಿನ ರೀತಿಯಿಂದ ಉತ್ತರ ಬದಲಾಗುವುದೇ ಎಂದು ತಿಳಿಯುವುದು ಉದ್ದೇಶವಾಗಿತ್ತು. ಮೊದಲೇ ಹೇಳಿದ್ದರೆ ಇದು ತಿಳಿಯುತ್ತಿರಲಿಲ್ಲ.

ಯಾವ ಉತ್ತರವೂ ತಪ್ಪಲ್ಲ. ಶುಲ್ಕದ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ.

ಇದನ್ನು ತಿಳಿದ ಮೇಲೆ ತಮ್ಮ ಉತ್ತರವನ್ನು ಲೆಕ್ಕಕ್ಕೆ ಸೇರಿಸಬಾರದು ಎಂದು ಅನಿಸಿದರೆ, ತಮಗೆ ನೀಡಿದ ಚೀಟಿಯ ಸಂಖ್ಯೆಯನ್ನು ಇದೇ ತಿಂಗಳ 25ರೊಳಗೆ ಪಂಚಾಯತಿ ಕಚೇರಿಯಲ್ಲಿರುವ ಸಮೀಕ್ಷೆಯ ಪುಸ್ತಕದಲ್ಲಿ ಬರೆಸಬಹುದು. ಹೆಸರು ಹೇಳಬೇಕಾಗಿಲ್ಲ. ಕಾರಣವನ್ನೂ ಹೇಳಬೇಕಾಗಿಲ್ಲ. 25ರ ನಂತರ ಸಂಖ್ಯೆಗಳನ್ನು ಅಳಿಸಲಾಗುವುದರಿಂದ ಯಾವ ಉತ್ತರ ಯಾರದು ಎಂದು ಹುಡುಕಲು ಸಾಧ್ಯವಾಗುವುದಿಲ್ಲ."

ಈ ಪತ್ರದ ಕೆಲವು ಮಾತುಗಳನ್ನು ಬಿಡಿಸಿ ನೋಡಬೇಕಾಗಿದೆ. 'ತಿಳಿಸದೆ ಇದ್ದ' ಎಂದು ನೇರವಾಗಿ ಒಪ್ಪಿಕೊಂಡಿರುವುದನ್ನು ಗಮನಿಸಬೇಕು. 'ವೈಜ್ಞಾನಿಕ ಕಾರಣಗಳಿಂದಾಗಿ ವಿಭಿನ್ನ ನಮೂನೆಗಳನ್ನು ಬಳಸಲಾಗಿದೆ' ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಓದಿದವರಿಗೆ ತಮ್ಮಿಂದ ಏನನ್ನು ಮರೆಮಾಡಲಾಗಿತ್ತು ಎಂಬುದು ತಿಳಿಯದು. ಎರಡೂ ಮಾತುಗಳನ್ನು ಪೂರ್ಣವಾಗಿ ಅಕ್ಕಪಕ್ಕ ಬರೆದಿರುವುದಕ್ಕೂ ಇದೇ ಕಾರಣ. ಪಕ್ಕದ ಮನೆಯವರನ್ನು ಏನೆಂದು ಕೇಳಿದರು ಎಂಬುದನ್ನು ಊಹೆಗೆ ಬಿಟ್ಟರೆ ಊಹೆ ಬೆಳೆಯುತ್ತದೆ. ಹಾಗೆಯೇ 'ಯಾವ ಉತ್ತರವೂ ತಪ್ಪಲ್ಲ' ಎಂಬ ಸಾಲನ್ನು ಉಪಚಾರಕ್ಕಾಗಿ ಸೇರಿಸಿದ್ದಲ್ಲ. ದಿನಕ್ಕೆ ಒಂದು ರೂಪಾಯಿ ಎಂದಾಗ ಒಪ್ಪಿದವರು, ಅದು ತಿಂಗಳಿಗೆ ಮೂವತ್ತು ಎಂದು ಓದಿದಾಗ ತಾವು ಮೋಸಹೋದೆವು ಎಂದು ನಾಚಿಕೊಳ್ಳಬಹುದು. ಅಳತೆ ಬದಲಾದಾಗ ಅನಿಸಿಕೆ ಬದಲಾಗುವುದು ಓದಿದವರಲ್ಲಿಯೂ ಓದದವರಲ್ಲಿಯೂ ಕಂಡುಬಂದಿರುವ ಸಂಗತಿ. ಕಂತಿನ ಲೆಕ್ಕದಲ್ಲಿ ಸಾಮಾನು ಮಾರುವ ಅಂಗಡಿಗಳು ನಡೆಯುವುದೇ ಇದರ ಮೇಲೆ.

ಹಿಂದೆಗೆದುಕೊಳ್ಳುವ ಹಕ್ಕಿನ ವಿಚಾರದಲ್ಲಿ ಒಂದು ಪೂರ್ವಸಿದ್ಧತೆ ಬೇಕು. ಸಮೀಕ್ಷೆಯ ದಿನವೇ ಪ್ರತಿ ಮನೆಗೆ ಒಂದು ಸಂಖ್ಯೆಯ ಚೀಟಿ ಕೊಟ್ಟಿರಬೇಕು, ಅದೇ ಸಂಖ್ಯೆ ನಮೂನೆಯ ಮೇಲಿರಬೇಕು. ಇದಿಲ್ಲದಿದ್ದರೆ ಹೆಸರಿಲ್ಲದ 400 ಹಾಳೆಗಳಲ್ಲಿ ಯಾವುದನ್ನು ತೆಗೆಯುವುದು? ಚೀಟಿ ಕೊಡದೆ 'ಉತ್ತರವನ್ನು ಹಿಂಪಡೆಯಬಹುದು' ಎಂದು ಮಾತ್ರ ಬರೆದ ಪತ್ರವು ನಡೆಸಿಕೊಡಲಾಗದ ಭರವಸೆಯನ್ನು ನೀಡುತ್ತದೆ. ಯಾವುದೇ ಸಂಸ್ಥೆ ಸಮೀಕ್ಷೆಗಾಗಿ ಪಂಚಾಯತಿಗೆ ಬಂದಾಗ ಸದಸ್ಯರು ಈ ಚೀಟಿಯ ವ್ಯವಸ್ಥೆಯನ್ನು ಮೊದಲೇ ಕೇಳಿ ನೋಡುವುದು ಒಳ್ಳೆಯದು. ಉತ್ತರ ತಡವರಿಸಿದರೆ ತಿಳಿವಳಿಕೆ ಪತ್ರದ ವಿಚಾರವನ್ನೇ ಅವರು ಯೋಚಿಸಿಲ್ಲವೆಂದು ತಿಳಿಯಬಹುದು.

ಪತ್ರ ತಲುಪಬೇಕಾದ ಹೊತ್ತಿನ ಪ್ರಶ್ನೆ ಸ್ವಲ್ಪ ಬಿಗಿಯಾದದ್ದು. ಸಮೀಕ್ಷೆ ಆರು ದಿನ ನಡೆಯುವುದಾದರೆ, ಮೊದಲ ದಿನ ಉತ್ತರಿಸಿದವರಿಗೆ ಅಂದೇ ಪತ್ರ ಕೊಟ್ಟರೆ ಎರಡನೆಯ ದಿನದ ಹೊತ್ತಿಗೆ ಊರಿಗೆಲ್ಲ ವಿಷಯ ತಿಳಿದಿರುತ್ತದೆ; ಉಳಿದ ಐದು ದಿನಗಳ ಉತ್ತರಗಳಿಗೆ ಬೆಲೆ ಇರುವುದಿಲ್ಲ. ಹಾಗೆಂದು ವರದಿ ಅಚ್ಚಾಗುವವರೆಗೆ ಕಾಯುವುದೂ ಸಲ್ಲದು. ಅಮೆರಿಕದ ಮನೋವಿಜ್ಞಾನಿಗಳ ಸಂಘದ ನೀತಿಸಂಹಿತೆಯಲ್ಲಿ ಇದಕ್ಕೆ ಗಡಿ ಹಾಕಲಾಗಿದೆ. ಮರೆಮಾಚಿದ್ದನ್ನು ಆದಷ್ಟು ಬೇಗ, ಸಾಧ್ಯವಾದರೆ ವ್ಯಕ್ತಿಯ ಪಾಲ್ಗೊಳ್ಳುವಿಕೆ ಮುಗಿದೊಡನೆ, ತಡವೆಂದರೆ ಮಾಹಿತಿ ಸಂಗ್ರಹ ಮುಗಿಯುವ ಹೊತ್ತಿಗೆ ತಿಳಿಸಬೇಕು. ಉತ್ತರವನ್ನು ಹಿಂದೆಗೆದುಕೊಳ್ಳಲು ಅವಕಾಶವನ್ನೂ ನೀಡಬೇಕು. ಗ್ರಾಮದಲ್ಲಿ ಇದನ್ನು ಪಾಲಿಸುವ ಕ್ರಮವೆಂದರೆ, ಕೊನೆಯ ಮನೆಯ ನಮೂನೆ ತುಂಬಿದ ದಿನವೇ ಅಥವಾ ಅದರ ಮರುದಿನ ಎಲ್ಲ ಮನೆಗಳಿಗೂ ಒಟ್ಟಿಗೆ ಪತ್ರ ತಲುಪಿಸುವುದು. ಅದಕ್ಕೂ ಮುನ್ನ ಯಾರಾದರೂ ನೇರವಾಗಿ ಕೇಳಿದರೆ 'ಎಲ್ಲರಿಗೂ ಒಂದೇ ಪ್ರಶ್ನೆ' ಎಂದು ಸಮೀಕ್ಷಕರು ಹೇಳಕೂಡದು. ತಿಳಿಸದಿರುವುದು ಒಂದು, ಕೇಳಿದಾಗ ಸುಳ್ಳು ಹೇಳುವುದು ಮತ್ತೊಂದು. ಸಮೀಕ್ಷೆಗೆ ಒಪ್ಪಿಗೆ ಪಡೆಯುವಾಗಲೇ 'ಕೆಲವು ವಿವರಗಳನ್ನು ಸಮೀಕ್ಷೆ ಮುಗಿದ ಮೇಲೆ ತಿಳಿಸಲಾಗುವುದು, ಇದಕ್ಕೆ ಒಪ್ಪಿಗೆಯೇ?' ಎಂದು ಕೇಳಿಟ್ಟುಕೊಂಡರೆ ಈ ಸಂಕಟ ಬರುವುದಿಲ್ಲ, ಉತ್ತರಗಳೂ ಕೆಡುವುದಿಲ್ಲ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯು, ಪೂರ್ಣ ವಿವರ ನೀಡದೆ ನಡೆಸುವ ಅಧ್ಯಯನಗಳನ್ನು ನೈತಿಕ ಸಮಿತಿಯು ಮೊದಲೇ ಎಚ್ಚರಿಕೆಯಿಂದ ಪರಿಶೀಲಿಸಬೇಕೆಂದು ಹೇಳುತ್ತದೆ. ಅದು ಆರೋಗ್ಯ ಸಂಶೋಧನೆಗೆ ಸಂಬಂಧಿಸಿದ್ದು. ಕಸದ ಶುಲ್ಕದ ಸಮೀಕ್ಷೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿ ಬಂದವರಲ್ಲಿ ತಮ್ಮ ಸಂಸ್ಥೆಯ ಸಮಿತಿಯ ಒಪ್ಪಿಗೆ ಪತ್ರವನ್ನು ತೋರಿಸುವಂತೆ ಸದಸ್ಯರು ಕೇಳುವುದರಲ್ಲಿ ಅನುಚಿತವೇನೂ ಇಲ್ಲ.

ಪತ್ರವನ್ನು ಒಯ್ಯುವವರು ಯಾರು ಎಂಬುದು ಚಿಕ್ಕ ವಿಷಯವೆಂದು ತೋರಬಹುದು. ಕರ ವಸೂಲಿಗಾರರ ಕೈಯಲ್ಲಿ ಕಳುಹಿಸಿದರೆ, ಅದರಲ್ಲಿ ಏನೇ ಬರೆದಿದ್ದರೂ ಜನರು ಅದನ್ನು ಬಾಕಿಯ ನೋಟಿಸು ಎಂದೇ ಓದುತ್ತಾರೆ. ಸಮೀಕ್ಷೆಗೆ ಬಂದವರೇ ಮರಳಿ ಹೋಗಿ ಪತ್ರ ಕೊಟ್ಟು, ಓದಲು ಬಾರದ ಮನೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವುದು ಸರಿಯಾದ ಕ್ರಮ. ಓದಿ ಹೇಳುವುದೆಂದರೆ ಸಾರಾಂಶ ಹೇಳುವುದಲ್ಲ. ಸಾರಾಂಶ ಹೇಳುವಾಗ ಹಿಂದೆಗೆದುಕೊಳ್ಳುವ ಹಕ್ಕಿನ ಮಾತೇ ಬಿಟ್ಟುಹೋಗುವ ಸಂಭವ ಹೆಚ್ಚು.

ಇಷ್ಟೆಲ್ಲ ಮಾಡಿದರೂ ತಿಳಿವಳಿಕೆ ಪತ್ರಕ್ಕೆ ಒಂದು ಮಿತಿಯಿದೆ. ಮೇಲಿನ ಉದಾಹರಣೆಯ ಎರಡು ಮಾತುಗಳೂ ನಿಜವಾದವು. ಒಂದು ನಮೂನೆಯಲ್ಲಿ 'ನೆರೆಯ ಎಲ್ಲ ಪಂಚಾಯತಿಗಳೂ ಈಗಾಗಲೇ ಈ ಶುಲ್ಕ ಪಡೆಯುತ್ತಿವೆ' ಎಂಬ, ನಿಜವಲ್ಲದ ಸಾಲನ್ನು ಪರೀಕ್ಷೆಗಾಗಿ ಸೇರಿಸಿದ್ದರೆ? ಬಳಿಕ 'ಅದು ನಿಜವಲ್ಲ' ಎಂದು ಪತ್ರ ಕೊಟ್ಟರೆ ಸಾಕಾಗುವುದೇ? 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ರಾಸ್, ಮಾರ್ಕ್ ಲೆಪ್ಪರ್ ಮತ್ತು ಮೈಕೆಲ್ ಹಬ್ಬರ್ಡ್ ಎಂಬವರು ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ನೀಡುತ್ತದೆ. ಕೆಲವು ಬರಹಗಳಲ್ಲಿ ನಿಜವಾದದ್ದು ಯಾವುದು, ಕೃತಕವಾದದ್ದು ಯಾವುದು ಎಂದು ಗುರುತಿಸುವ ಕೆಲಸವನ್ನು ಜನರಿಗೆ ಕೊಡಲಾಯಿತು. ಅವರು ಹೇಗೆ ಗುರುತಿಸಿದರು ಎಂಬುದನ್ನು ನೋಡದೆಯೇ ಕೆಲವರಿಗೆ ನೀವು ಬಹಳ ಚೆನ್ನಾಗಿ ಗುರುತಿಸಿದಿರಿ ಎಂದೂ, ಕೆಲವರಿಗೆ ಕಳಪೆಯಾಗಿ ಗುರುತಿಸಿದಿರಿ ಎಂದೂ ಹೇಳಲಾಯಿತು. ಬಳಿಕ ಆ ಅಂಕಗಳು ಮೊದಲೇ ಗೊತ್ತುಮಾಡಿಟ್ಟವು, ಅವರ ಕೆಲಸಕ್ಕೂ ಅವಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ತಿಳಿಸಲಾಯಿತು. ಆದರೂ ಹೊಗಳಿಸಿಕೊಂಡವರು ತಮ್ಮ ಸಾಮರ್ಥ್ಯವನ್ನು ಮೇಲೆಯೇ ಇಟ್ಟುಕೊಂಡರು, ತೆಗಳಿಸಿಕೊಂಡವರು ಕೆಳಗೇ ಇಟ್ಟುಕೊಂಡರು. ಅಂಕ ಸುಳ್ಳೆಂದು ಹೇಳುವುದರ ಜೊತೆಗೆ, ಮನಸ್ಸು ಹೀಗೆ ಹಳೆಯ ಅನಿಸಿಕೆಯನ್ನು ಹಿಡಿದುಕೊಂಡೇ ಇರುತ್ತದೆ ಎಂಬುದನ್ನೂ ಬಿಡಿಸಿ ಹೇಳಿದಾಗ ಮಾತ್ರ ಆ ಪರಿಣಾಮ ಬಹಳಮಟ್ಟಿಗೆ ತಗ್ಗಿತು.

ಆದ್ದರಿಂದ ಪದಗಳ ಭೇದವನ್ನು ಪರೀಕ್ಷಿಸುವ ಸಮೀಕ್ಷೆಗೆ ಪಂಚಾಯತಿ ಸಹಕಾರ ನೀಡಬಹುದು. ನಿಜವಲ್ಲದ ಮಾಹಿತಿಯನ್ನು ಹಂಚಿ ಬಳಿಕ ಸರಿಪಡಿಸುತ್ತೇವೆ ಎನ್ನುವ ಸಮೀಕ್ಷೆಗೆ ಸಹಕಾರ ನೀಡದಿರುವುದೇ ಮೇಲು. ಊರಿನಲ್ಲಿ ಹರಡಿದ ಮಾತು ಸಮೀಕ್ಷೆಗೆ ಒಳಪಡದ ಮನೆಗಳಿಗೂ ಹೋಗುತ್ತದೆ. ಆ ಮನೆಗಳಿಗೆ ಪತ್ರ ಹೋಗುವುದಿಲ್ಲ.

ಕೊನೆಯದಾಗಿ, ಫಲಿತಾಂಶವನ್ನು ಹೇಳುವ ಬಗೆ. ಲೆಕ್ಕಕ್ಕಾಗಿ ಹೀಗೆ ಭಾವಿಸಬಹುದು: ತಿಂಗಳಿನ ಪ್ರಶ್ನೆಗೆ 200ರಲ್ಲಿ 84 ಮನೆಗಳು, ಅಂದರೆ ಶೇ. 42, ಒಪ್ಪಿದವು; ದಿನದ ಪ್ರಶ್ನೆಗೆ 200ರಲ್ಲಿ 116, ಅಂದರೆ ಶೇ. 58, ಒಪ್ಪಿದವು. ಅಂತರ 16 ಅಂಶ. ಪ್ರತಿ ಗುಂಪಿನಲ್ಲಿ 200 ಮನೆಗಳಿರುವಾಗ ಸುಮಾರು 10 ಅಂಶಗಳವರೆಗಿನ ಅಂತರವು ಚೀಟಿಯ ಆಕಸ್ಮಿಕದಿಂದಲೇ ಬರಬಹುದು. 16 ಅದಕ್ಕಿಂತ ಹೆಚ್ಚಾದ್ದರಿಂದ ಮಾತಿನ ಪ್ರಭಾವವಿದೆ ಎನ್ನಬಹುದು. ಅಂತರವು 6 ಅಂಶ ಮಾತ್ರ ಬಂದಿದ್ದರೆ ಏನನ್ನೂ ಹೇಳುವಂತಿರಲಿಲ್ಲ.

ಈಗ ಗ್ರಾಮಸಭೆಯಲ್ಲಿ ಎದ್ದು ನಿಂತು 'ಶೇ. 58 ಮನೆಗಳು ಒಪ್ಪಿವೆ, ಬಹುಮತವಿದೆ' ಎನ್ನುವುದು ಬಹಳ ಸುಲಭ. ಶುಲ್ಕವನ್ನು ಬಯಸದವರು 'ಶೇ. 42 ಮಾತ್ರ' ಎನ್ನುವುದೂ ಅಷ್ಟೇ ಸುಲಭ. ಎರಡು ಅಂಕಿಗಳೂ ನಿಜ, ಒಂದನ್ನೇ ಹೇಳಿದರೆ ಎರಡೂ ಸುಳ್ಳು. ಎರಡನ್ನೂ ಕೂಡಿಸಿ 400ರಲ್ಲಿ 200, ಶೇ. 50 ಎಂದರೂ ಸರಿಹೋಗದು. ಯಾವ ಮನೆಗೂ ಹಾಗೆ ಅರ್ಧ ತಿಂಗಳು, ಅರ್ಧ ದಿನ ಎಂದು ಕೇಳಿರಲಿಲ್ಲ. ಈ ಸಮೀಕ್ಷೆಯಿಂದ ತಿಳಿದದ್ದು ಇಷ್ಟೇ: ಆರರಲ್ಲಿ ಸುಮಾರು ಒಂದು ಮನೆಯ ಒಪ್ಪಿಗೆಯು ಪ್ರಶ್ನೆಯ ಮಾತಿನ ಮೇಲೆ ನಿಂತಿದೆ. ಶುಲ್ಕ ಬೇಕೆ ಬೇಡವೆ ಎಂಬುದಕ್ಕೆ ಅದು ಉತ್ತರವಲ್ಲ. ಗ್ರಾಮಸಭೆಯ ಮುಂದೆ ಶುಲ್ಕದ ವಿಷಯ ತರುವಾಗ ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಎಷ್ಟಾಗುವುದೆಂದು ಮೂರನ್ನೂ ಒಂದೇ ಹಲಗೆಯ ಮೇಲೆ ಬರೆದು ಚರ್ಚೆಗಿಡಬೇಕು. ಎರಡೂ ಗುಂಪುಗಳ ಅಂಕಿ, ಉತ್ತರ ಹಿಂದೆಗೆದುಕೊಂಡ ಮನೆಗಳ ಸಂಖ್ಯೆ ಮತ್ತು ತಿಳಿವಳಿಕೆ ಪತ್ರದ ಒಂದು ಪ್ರತಿಯನ್ನು ಅಂದಿನ ನಡಾವಳಿಯ ಜೊತೆ ಲಗತ್ತಿಸತಕ್ಕದ್ದು.